ಮಾತ್ರೆಯಲ್ಲಿ ನೀರು ಏನು ಮಾಡುತ್ತಿದೆ? ಜಿಪ್ಯಾಟ್‌ಗೆ ನಾನು ಫಾರ್ಮಾಸ್ಯೂಟಿಕ್ಸ್ ಓದಿದ ರೀತಿ

ಬಿ.ಫಾರ್ಮ್ ಮುಗಿಸಿ, ಮಾತ್ರೆ ತಯಾರಿಸುವ ಒಂದು ಘಟಕದ ಕ್ಯೂಸಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಲೇ ನಾನು ಎಂ.ಫಾರ್ಮ್ ಪ್ರವೇಶ ಪರೀಕ್ಷೆಯಾದ ಜಿಪ್ಯಾಟ್‌ಗೆ ಓದಿದ್ದು. ಹಗಲು ಕೈಯಲ್ಲಿ ಮಾಡಿದ ಟೆಸ್ಟೇ ರಾತ್ರಿ ಪ್ರಶ್ನೆಯಾಗಿ ಎದುರಿಗೆ ಬರುತ್ತಿತ್ತು. ಪುಸ್ತಕದಲ್ಲಿ ಮಾತ್ರೆ ಒಡೆಯುವ ಡಿಸಿಂಟಿಗ್ರೇಷನ್ ಒಂದು ಅಧ್ಯಾಯ, ಔಷಧಿಯ ಜೊತೆ ಸೇರಿಸುವ ಎಕ್ಸಿಪಿಯೆಂಟ್ ಇನ್ನೊಂದು, ಔಷಧಿ ಹಾಳಾಗದೆ ಉಳಿಯುವ ಸ್ಟೆಬಿಲಿಟಿ ಮತ್ತೊಂದು. ಹಾಗೇ ಬಿಡಿಬಿಡಿಯಾಗಿ ಓದಿದರೆ ಅಂಕಿಗಳನ್ನು ಉರು ಹೊಡೆಯುವುದೇ ಆಗುತ್ತದೆ. ನಾನು ಮೂರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ: ಈ ಮಾತ್ರೆಯಲ್ಲಿ ನೀರು ಏನು ಮಾಡುತ್ತಿದೆ? ನೀರು ಒಳಗೆ ಹೋದರೆ ಮಾತ್ರೆ ಒಡೆಯುತ್ತದೆ, ಅದು ನಮಗೆ ಬೇಕು. ಅದೇ ನೀರು ಸ್ಟ್ರಿಪ್ ಒಳಗಿರುವಾಗಲೇ ಹೋದರೆ ಔಷಧಿ ಒಡೆಯುತ್ತದೆ, ಅದು ಬೇಡ. ಪ್ರಶ್ನೆ ಸೆಟ್ ಮಾಡುವವರು ಜಾಸ್ತಿ ಆಡುವುದು ಈ ಎರಡರ ನಡುವೆಯೇ.

ಮೊದಲು ಡಿಸಿಂಟಿಗ್ರೇಷನ್ ಟೆಸ್ಟ್ ನೋಡೋಣ. ಇಂಡಿಯನ್ ಫಾರ್ಮಕೋಪಿಯಾದ ಉಪಕರಣದಲ್ಲಿ ಆರು ಗಾಜಿನ ಕೊಳವೆಗಳ ಬಾಸ್ಕೆಟ್ ಇರುತ್ತದೆ, ತಳದಲ್ಲಿ ಸ್ಟೀಲ್ ಜಾಲರಿ. 37 ಡಿಗ್ರಿ ಸೆಲ್ಸಿಯಸ್‌ನ ದ್ರವದಲ್ಲಿ ಅದು ನಿಮಿಷಕ್ಕೆ 28ರಿಂದ 32 ಸಲ ಏರಿಳಿಯುತ್ತದೆ. ಕೋಟಿಂಗ್ ಇಲ್ಲದ ಮಾತ್ರೆಗೆ 15 ನಿಮಿಷ, ಫಿಲ್ಮ್ ಕೋಟಿಂಗ್‌ಗೆ 30, ಸಕ್ಕರೆ ಕೋಟಿಂಗ್‌ಗೆ 60. ನೀರಿನಲ್ಲಿ ಕದಡಿ ಕುಡಿಯುವ ಡಿಸ್ಪರ್ಸಿಬಲ್ ಮಾತ್ರೆಗೆ 3 ನಿಮಿಷ, ಅದೂ 25 ಡಿಗ್ರಿಯ ಆಸುಪಾಸಿನ ನೀರಿನಲ್ಲಿ. ಹೊಟ್ಟೆಯ ಆಸಿಡ್ ತಡೆಯುವ ಎಂಟೆರಿಕ್ ಕೋಟಿಂಗ್ ಇದ್ದದ್ದು ಆಸಿಡ್‌ನಲ್ಲಿ 2 ಗಂಟೆ ಬಿರುಕು ಬಿಡದೆ ನಿಲ್ಲಬೇಕು, ಆಮೇಲೆ ಪಿಎಚ್ 6.8ರ ಬಫರ್‌ನಲ್ಲಿ ಒಂದು ಗಂಟೆಯೊಳಗೆ ಒಡೆಯಬೇಕು. ಬಾಯಿಪಾಠ ಬೇಕಾದದ್ದು ಇಷ್ಟೇ. ಕೊಳವೆಯ ಒಳವ್ಯಾಸ ಎಷ್ಟು ಮಿಲಿಮೀಟರ್ ಅಂತ ತಲೆ ಕೆಡಿಸಿಕೊಳ್ಳುವ ಬದಲು, ಟೆಸ್ಟ್ ಯಾವಾಗ ಪಾಸ್ ಅನ್ನುವುದನ್ನು ಅರ್ಥ ಮಾಡಿಕೊಳ್ಳುವುದು ಲಾಭ.

ಜಾಲರಿಯ ಮೇಲೆ ಏನೂ ಉಳಿಯಬಾರದು ಅಂತಲ್ಲ. ಮೆತ್ತಗಿನ ಮುದ್ದೆ ಉಳಿದರೂ ಪಾಸ್. ಅದರ ನಡುವೆ ಬೆರಳಿಗೆ ಗಟ್ಟಿ ತಿರುಳು ಸಿಗಬಾರದು, ಅಷ್ಟೇ. ಕೋಟಿಂಗ್‌ನ ಕರಗದ ಚೂರು ಉಳಿದರೂ ಲೆಕ್ಕಕ್ಕಿಲ್ಲ. ಔಷಧಿ ಪೂರ್ತಿ ಕರಗಿದೆ ಎಂದು ಈ ಟೆಸ್ಟ್ ಹೇಳುವುದೇ ಇಲ್ಲ, ಅದಕ್ಕೆ ಡಿಸಲ್ಯೂಷನ್ ಟೆಸ್ಟ್ ಬೇರೆ ಇದೆ. ‘ಡಿಸಿಂಟಿಗ್ರೇಷನ್ ಪಾಸ್ ಆದ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುತ್ತದೆ’ ಎನ್ನುವ ಆಯ್ಕೆ ಕಂಡರೆ ಸುಮ್ನೆ ಹೊಡೆದು ಹಾಕುತ್ತಿದ್ದೆ.

ಇನ್ನೊಂದು ಇಷ್ಟದ ಪ್ರಶ್ನೆ ಎಣಿಕೆಯದು. ಆರರಲ್ಲಿ ಒಂದೋ ಎರಡೋ ಒಡೆಯದಿದ್ದರೆ ಇನ್ನೂ 12 ಹಾಕಬೇಕು. ಒಟ್ಟು 18ರಲ್ಲಿ ಕನಿಷ್ಠ 16 ಒಡೆಯಬೇಕು. ಮೊದಲ ಸುತ್ತಿನಲ್ಲಿ ಎರಡು ಉಳಿದವು, ಎರಡನೇ ಸುತ್ತಿನಲ್ಲಿ ಒಂದು ಉಳಿಯಿತು ಅಂದುಕೊಳ್ಳಿ. 12ರಲ್ಲಿ 11 ಒಡೆದಿವೆ, ಚೆನ್ನಾಗಿಯೇ ಇದೆಯಲ್ಲ ಅನಿಸುತ್ತದೆ. ಆದರೆ ಒಟ್ಟು ಒಡೆದದ್ದು 15, ಹಾಗಾಗಿ ಫೇಲ್. ಎರಡನೇ ಸುತ್ತನ್ನು ಪ್ರತ್ಯೇಕ ಎಂದುಕೊಂಡವರು ಇಲ್ಲಿ ಜಾರುತ್ತಾರೆ.

ಈಗ ನೀರು ಒಳಗೆ ಹೋಗುವ ವಿಷಯ. ಕೆಲಸದಲ್ಲಿ ಕಂಡದ್ದನ್ನೇ ಇಟ್ಟುಕೊಂಡು ನಾನು ಅಭ್ಯಾಸಕ್ಕೆ ಬರೆದುಕೊಂಡ ಒಂದು ಪ್ರಶ್ನೆ ಇದು. ಒಂದೇ ಫಾರ್ಮುಲಾ, ಒಂದೇ ಕಂಪ್ರೆಷನ್ ಒತ್ತಡ. ಮೆಗ್ನೀಷಿಯಂ ಸ್ಟಿಯರೇಟ್ ಹಾಕಿ 3 ನಿಮಿಷ ಬ್ಲೆಂಡ್ ಮಾಡಿದಾಗ ಹಾರ್ಡ್‌ನೆಸ್ 6 ಕೆ.ಜಿ., ಒಡೆಯಲು 4 ನಿಮಿಷ. 20 ನಿಮಿಷ ಬ್ಲೆಂಡ್ ಮಾಡಿದಾಗ ಹಾರ್ಡ್‌ನೆಸ್ 4 ಕೆ.ಜಿ., ಒಡೆಯಲು 13 ನಿಮಿಷ. ಏಕೆ?

ಮಾಮೂಲಿ ಲೆಕ್ಕ ಏನು? ಮಾತ್ರೆ ಮೆತ್ತಗಾದರೆ ರಂಧ್ರ ಜಾಸ್ತಿ, ನೀರು ಬೇಗ ಒಳಗೆ ಹೋಗುತ್ತದೆ, ಬೇಗ ಒಡೆಯುತ್ತದೆ. ಇಲ್ಲಿ ಉಲ್ಟಾ ಆಗಿದೆ. ಹಾರ್ಡ್‌ನೆಸ್ ಇಳಿದಿದೆ, ಒಡೆಯುವ ಸಮಯ ಏರಿದೆ. ಈ ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ಅನುಮಾನಿಸುವುದು ಲೂಬ್ರಿಕೆಂಟನ್ನು, ಅಂದರೆ ಇಲ್ಲಿ ಮೆಗ್ನೀಷಿಯಂ ಸ್ಟಿಯರೇಟನ್ನು. ಅದು ಜಿಡ್ಡಿನ ಪುಡಿ, ನೀರು ಹತ್ತಿಸಿಕೊಳ್ಳುವುದಿಲ್ಲ. ಜಾಸ್ತಿ ಹೊತ್ತು ಬ್ಲೆಂಡ್ ಮಾಡಿದಷ್ಟೂ ಅದು ಪ್ರತಿ ಕಣದ ಮೇಲೂ ತೆಳ್ಳಗೆ ಸವರಿಕೊಳ್ಳುತ್ತದೆ. ಕಣಕ್ಕೆ ಕಣ ಅಂಟುವುದಿಲ್ಲ, ಅದಕ್ಕೆ ಮಾತ್ರೆ ದುರ್ಬಲ. ನೀರಿಗೂ ದಾರಿ ಇಲ್ಲ, ಅದಕ್ಕೆ ಒಡೆಯುವುದು ತಡ. ಬಾಸ್ಕೆಟ್‌ನಿಂದ ತೆಗೆದು ಉಗುರಿನಿಂದ ಸೀಳಿದರೆ ಹೊರಗೆ ಒದ್ದೆ, ನಡುವೆ ಒಣ ಬಿಳಿ ಪುಡಿ. ಒತ್ತಡ ಜಾಸ್ತಿಯಾಗಿ ಒಡೆಯದ ಮಾತ್ರೆಯಲ್ಲೂ ಒಣ ತಿರುಳು ಸಿಗುತ್ತದೆ, ಆದರೆ ಅದರ ಹಾರ್ಡ್‌ನೆಸ್ ಏರಿರುತ್ತದೆ. ಹಾಗಾಗಿ ಪ್ರಶ್ನೆಯಲ್ಲಿ ಹಾರ್ಡ್‌ನೆಸ್ ಯಾವ ಕಡೆ ಹೋಗಿದೆ ಅನ್ನುವುದನ್ನು ಮೊದಲು ನೋಡಬೇಕು. ಮಾತ್ರೆಯನ್ನು ಬೇಗ ಒಡೆಸುವ ಸೂಪರ್ ಡಿಸಿಂಟಿಗ್ರೆಂಟ್ ಜಾಸ್ತಿ ಮಾಡಿ ಎನ್ನುವ ಆಯ್ಕೆ ಆಕರ್ಷಕವಾಗಿ ಕೂತಿರುತ್ತದೆ. ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಉಬ್ಬಿ ಒಡೆಸುತ್ತದೆ, ಕ್ರಾಸ್‌ಪೊವಿಡೋನ್ ಮುಖ್ಯವಾಗಿ ನೀರನ್ನು ಹೀರಿ ಒಳಗೆ ಎಳೆಯುತ್ತದೆ. ಎರಡಕ್ಕೂ ನೀರು ಮೊದಲು ತಲುಪಬೇಕಲ್ವಾ? ಬ್ಲೆಂಡ್ ಮಾಡುವ ಸಮಯ ಕಡಿಮೆ ಮಾಡುವುದೇ ನೇರ ಉತ್ತರ.

ಇನ್ನು ಆಸ್ಪಿರಿನ್. ಸ್ಟೆಬಿಲಿಟಿ ಭಾಗಕ್ಕೆ ನಾನು ಹಿಡಿದುಕೊಂಡಿದ್ದು ಈ ಒಂದೇ ಔಷಧಿ, ಏಕೆಂದರೆ ಅದರಲ್ಲಿ ಎಲ್ಲವೂ ಸಿಗುತ್ತದೆ. ಆಸ್ಪಿರಿನ್ ಎಸ್ಟರ್. ನೀರು ಸಿಕ್ಕರೆ ಸ್ಯಾಲಿಸಿಲಿಕ್ ಆಸಿಡ್, ಅಸಿಟಿಕ್ ಆಸಿಡ್ ಎಂದು ಎರಡಾಗುತ್ತದೆ. ಹಳೇ ಬಾಟಲಿ ತೆರೆದರೆ ವಿನೆಗರ್ ವಾಸನೆ ಬರುವುದು ಅದಕ್ಕೇ. ಕೆಲವು ಸಲ ಮಾತ್ರೆಯ ಮೈಮೇಲೆ ಸಣ್ಣ ಸೂಜಿಯಂಥ ಹರಳುಗಳು ಬೆಳೆದಿರುತ್ತವೆ, ಅದು ಸ್ಯಾಲಿಸಿಲಿಕ್ ಆಸಿಡ್. ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣ ಬರುತ್ತದೆ.

ಎಷ್ಟು ನೀರು ಸಾಕು? ಈ ಲೆಕ್ಕ ಮಾಡಿ ನೋಡಿದ ಮೇಲೆ ನನಗೆ ಫಾರ್ಮುಲೇಷನ್ ಪ್ರಶ್ನೆಗಳೇ ಬೇರೆ ಥರ ಕಾಣತೊಡಗಿದವು. ಆಸ್ಪಿರಿನ್‌ನ ಅಣುತೂಕ 180, ನೀರಿನದು 18. ಅಂದರೆ 10 ಮಿ.ಗ್ರಾಂ ಆಸ್ಪಿರಿನ್ ಒಡೆಯಲು 1 ಮಿ.ಗ್ರಾಂ ನೀರು. 150 ಮಿ.ಗ್ರಾಂ ತೂಕದ ಒಂದು ಮಾತ್ರೆಯಲ್ಲಿ 75 ಮಿ.ಗ್ರಾಂ ಆಸ್ಪಿರಿನ್ ಇದೆ ಎಂದುಕೊಳ್ಳಿ. ಅದರ 5 ಶೇಕಡಾ, ಅಂದರೆ 3.75 ಮಿ.ಗ್ರಾಂ ಹಾಳಾಗಲು 0.375 ಮಿ.ಗ್ರಾಂ ನೀರು ಸಾಕು. ಮಾತ್ರೆಯ ತೂಕದಲ್ಲಿ ಅದು ಬರೀ 0.25 ಶೇಕಡಾ. ಈಗ ಒಡೆಯಲಿ ಅಂತ 10 ಶೇಕಡಾ ಮೆಕ್ಕೆಜೋಳದ ಸ್ಟಾರ್ಚ್ ಹಾಕಿದ್ದೀರಿ, 15 ಮಿ.ಗ್ರಾಂ. ಒಣಗಿಸದ ಸ್ಟಾರ್ಚ್‌ನಲ್ಲಿ ಸುಮಾರು 12 ಶೇಕಡಾ ತೇವ ಇರುವುದು ಮಾಮೂಲಿ. ಹಾಗಾದರೆ 1.8 ಮಿ.ಗ್ರಾಂ ನೀರನ್ನು ನಾವೇ ಕೈಯಾರೆ ಒಳಗಿಟ್ಟ ಹಾಗಾಯಿತು. ಅದೆಲ್ಲ ಆಸ್ಪಿರಿನ್‌ಗೆ ಸಿಗುವುದಿಲ್ಲ, ಹೆಚ್ಚಿನದು ಸ್ಟಾರ್ಚ್‌ಗೇ ಅಂಟಿಕೊಂಡಿರುತ್ತದೆ. ಆದರೂ ಬೇಕಾದದ್ದಕ್ಕಿಂತ ನಾಲ್ಕೈದು ಪಟ್ಟು ಅಲ್ಲೇ ಕೂತಿದೆ.

ಈ ಲೆಕ್ಕ ತಲೆಯಲ್ಲಿದ್ದರೆ ಉಳಿದ ಉತ್ತರಗಳು ತಾನಾಗಿ ಬರುತ್ತವೆ. ಪುಡಿಯನ್ನು ಒದ್ದೆ ಮಾಡುವ ವೆಟ್ ಗ್ರಾನುಲೇಷನ್ ಬೇಡ, ಒಣ ಪುಡಿಯನ್ನೇ ಒತ್ತುವ ಡೈರೆಕ್ಟ್ ಕಂಪ್ರೆಷನ್ ಅಥವಾ ಸ್ಲಗ್ಗಿಂಗ್. ಸ್ಟಾರ್ಚ್ ಹಾಕುವುದಿದ್ದರೆ ಒಣಗಿಸಿ ಹಾಕಬೇಕು. ಮೆಗ್ನೀಷಿಯಂ ಸ್ಟಿಯರೇಟ್ ಇಲ್ಲಿ ಮತ್ತೆ ವಿಲನ್, ಈ ಸಲ ಬೇರೆ ಕಾರಣಕ್ಕೆ. ಅದು ತೇವದ ಸುತ್ತ ಪಿಎಚ್ ಏರಿಸುತ್ತದೆ. ಆಸ್ಪಿರಿನ್ ಅತಿ ಹೆಚ್ಚು ಕಾಲ ಹಾಳಾಗದೆ ನಿಲ್ಲುವುದು ಪಿಎಚ್ 2.5ರ ಹತ್ತಿರ. ಹಾಗಾಗಿ ಟಾಲ್ಕ್ ಅಥವಾ ಸ್ಟಿಯರಿಕ್ ಆಸಿಡ್ ಎನ್ನುವ ಆಯ್ಕೆ ಹುಡುಕಬೇಕು.

ಕೊನೆಗೆ ಲೆಕ್ಕದ ಪ್ರಶ್ನೆ. ಆಸ್ಪಿರಿನ್ ಸಸ್ಪೆನ್ಷನ್, ಪ್ರತಿ 5 ಮಿ.ಲೀ.ಗೆ 300 ಮಿ.ಗ್ರಾಂ. 25 ಡಿಗ್ರಿಯಲ್ಲಿ ಕರಗುವ ಪ್ರಮಾಣ 100 ಮಿ.ಲೀ.ಗೆ 0.33 ಗ್ರಾಂ. ಕರಗಿದ ಭಾಗ ಹಾಳಾಗುವ ಮೊದಲ ದರ್ಜೆಯ ರೇಟ್ ಕಾನ್‌ಸ್ಟಂಟ್ ಸೆಕೆಂಡಿಗೆ 4.5 × 10⁻⁶. 10 ಶೇಕಡಾ ಹಾಳಾಗಲು ಎಷ್ಟು ಸಮಯ?

ಕಾನ್‌ಸ್ಟಂಟ್ ಮೊದಲ ದರ್ಜೆಯದು ಎಂದು ಕೊಟ್ಟ ಕೂಡಲೇ ಕೈ 90 ಶೇಕಡಾ ಉಳಿಯುವ ಸಮಯದ ಸೂತ್ರ t90 = 0.105/k ಕಡೆ ಓಡುತ್ತದೆ. ಹಾಗೆ ಮಾಡಿದರೆ ಸುಮಾರು 23,300 ಸೆಕೆಂಡ್, ಅಂದರೆ ಆರೂವರೆ ಗಂಟೆ ಬರುತ್ತದೆ. ಆ ಉತ್ತರವೂ ಆಯ್ಕೆಯಲ್ಲಿ ಇದ್ದೇ ಇರುತ್ತದೆ! ಸ್ವಲ್ಪ ನಿಂತು ಬಾಟಲಿಯೊಳಗೆ ನೋಡಿ. 100 ಮಿ.ಲೀ.ಯಲ್ಲಿ 6 ಗ್ರಾಂ ಇದೆ, ಕರಗಿರುವುದು 0.33 ಗ್ರಾಂ ಮಾತ್ರ. ಇಲ್ಲಿ ಹಾಳಾಗುತ್ತಿರುವುದು ಕರಗಿದ್ದು. ಅದು ಹಾಳಾದಷ್ಟನ್ನೂ ಘನ ಭಾಗ ಕರಗಿ ತುಂಬಿಸುತ್ತದೆ. ಹಾಗಾಗಿ ವೇಗ ಒಂದೇ ಸಮ ಇರುತ್ತದೆ, ಶೂನ್ಯ ದರ್ಜೆಯ ಥರ.

```
k0  = 4.5 × 10⁻⁶ × 0.33 = 1.485 × 10⁻⁶ g/100 mL/s
t90 = 0.1 × 6 / k0 ≈ 4.04 × 10⁵ s ≈ 4.7 days
```

ಆರೂವರೆ ಗಂಟೆ ಎಲ್ಲಿ, ಸುಮಾರು ಐದು ದಿನ ಎಲ್ಲಿ. ಇದರ ಮೇಲೆ ಇನ್ನೊಂದು ಕೊಕ್ಕೆ ಹಾಕುತ್ತಾರೆ: ಡೋಸ್ ಅರ್ಧ ಮಾಡಿದರೆ? ದ್ರಾವಣವಾಗಿದ್ದರೆ t90 ಬದಲಾಗುತ್ತಿರಲಿಲ್ಲ. ಸಸ್ಪೆನ್ಷನ್‌ನಲ್ಲಿ ಹಾಳಾಗುವ ವೇಗ ಅಷ್ಟೇ ಇದೆ, ದಾಸ್ತಾನು ಅರ್ಧ ಆಗಿದೆ, ಆದ್ದರಿಂದ ಅವಧಿಯೂ ಅರ್ಧ, ಸುಮಾರು 2.3 ದಿನ. ಅಂಗಡಿಯಲ್ಲಿ ಆಸ್ಪಿರಿನ್ ಸಿರಪ್ ಕಾಣಿಸದಿರುವುದಕ್ಕೂ, ಕುಡಿಯುವ ಮುಂಚೆ ನೀರಿಗೆ ಹಾಕುವ ಡಿಸ್ಪರ್ಸಿಬಲ್ ಮಾತ್ರೆ ಇರುವುದಕ್ಕೂ ಇದೇ ಕಾರಣ. ಆ ಮಾತ್ರೆ ಲೋಟದಲ್ಲಿ 3 ನಿಮಿಷದೊಳಗೆ ಒಡೆಯಬೇಕು, ಸ್ಟ್ರಿಪ್‌ನಲ್ಲಿ ವರ್ಷಗಟ್ಟಲೆ ಒಣಗಿರಬೇಕು. 40 ಡಿಗ್ರಿ, 75 ಶೇಕಡಾ ತೇವಾಂಶದ ಆರು ತಿಂಗಳ ಟೆಸ್ಟ್‌ನಲ್ಲಿ ಇಂಥ ಮಾತ್ರೆಯನ್ನು ಸ್ಟ್ರಿಪ್ ಸಮೇತ ಇಡುವುದು ಅದಕ್ಕೇ. ಬಿಚ್ಚಿಟ್ಟರೆ ಸೂಪರ್ ಡಿಸಿಂಟಿಗ್ರೆಂಟ್ ಅಲ್ಲೇ ತೇವ ಹೀರಿ ಉಬ್ಬುತ್ತದೆ, ಆಮೇಲೆ ಲೋಟದಲ್ಲಿ ಅದಕ್ಕೆ ಮೊದಲಿನ ಶಕ್ತಿ ಇರುವುದಿಲ್ಲ.

ನನ್ನ ಈ ನೀರಿನ ಪ್ರಶ್ನೆ ಎಲ್ಲ ಕಡೆ ನಡೆಯುವುದಿಲ್ಲ. ನಿಫೆಡಿಪಿನ್ ಕೊಟ್ಟರೆ ಶತ್ರು ಬೆಳಕು. ಅಡ್ರಿನಾಲಿನ್ ಇಂಜೆಕ್ಷನ್ ಗುಲಾಬಿ ಬಣ್ಣಕ್ಕೆ ತಿರುಗಿದೆ ಎಂದರೆ ಅದು ಆಕ್ಸಿಡೇಷನ್, ಅಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹುಡುಕಬೇಕು. ಹೆಸರು ಗೊತ್ತಿಲ್ಲದ ಔಷಧಿ ಬಂದರೆ ನಾನು ರಚನೆ ನೋಡುತ್ತಿದ್ದೆ. ಎಸ್ಟರ್, ಬೀಟಾ ಲ್ಯಾಕ್ಟಮ್ ಕಂಡರೆ ನೀರು. ಬೆಂಜೀನ್ ಉಂಗುರದ ಮೇಲೆ ಅಕ್ಕಪಕ್ಕ ಎರಡು ಓಎಚ್ ಕಂಡರೆ ಆಮ್ಲಜನಕ. ಎರಡೂ ಇಲ್ಲದಿದ್ದರೆ, ತಪ್ಪಿಗೆ ಒಂದು ಅಂಕ ಕಳೆಯುವ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ.