ಹೊಂದುವ ಮೂರು ಅಂಶ ಮೊದಲು ಹೇಳಿ

ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗಕ್ಕೆ ಜನರನ್ನು ಆರಿಸುವ ಹೊಣೆ ನನ್ನದು. ರೆಸ್ಯೂಮೆ ಜೊತೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ‘ನಾನು ಶ್ರಮಜೀವಿ, ಒಂದು ಅವಕಾಶ ಕೊಡಿ’ ಎಂಬಲ್ಲಿಗೇ ಮುಗಿಯುತ್ತವೆ. ಕೆಲಸ ಬಲ್ಲವರೇ ಹೀಗೆ ಬರೆದಾಗ ನಿಜಕ್ಕೂ ಸಂಕಟವಾಗುತ್ತದೆ. ನಾವು ಕೇಳಿದ್ದಕ್ಕೂ ನೀವು ಮಾಡಿದ್ದಕ್ಕೂ ತಾಳೆಯಾಗುವ ಮೂರು ಅಂಶ ಬರೆದರೆ ಸಾಕು.

ಮೊದಲು ಜಾಹೀರಾತನ್ನು ಪೆನ್ನು ಹಿಡಿದು ಓದಿ, ಅದು ಕೇಳುವ ಪ್ರತಿ ಕೆಲಸಕ್ಕೂ ಗೆರೆ ಎಳೆಯಿರಿ.

ಎರಡನೆಯದು ಮೂರನ್ನು ಆರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಜಾಹೀರಾತಿನಲ್ಲಿ ಬಿ.ಕಾಂ., ಟ್ಯಾಲಿ, ಜಿಎಸ್‌ಟಿಆರ್-2ಬಿ ತಾಳೆ, ಟಿಡಿಎಸ್, ಸರಬರಾಜುದಾರರ ಪಾವತಿ ಎಂದಿದೆ ಅಂದುಕೊಳ್ಳಿ. ಬಿ.ಕಾಂ., ಟ್ಯಾಲಿ ಅರ್ಜಿ ಹಾಕಿದ ಎಲ್ಲರಿಗೂ ಇರುತ್ತದೆ. ಅವಕ್ಕೆ ಜಾಗ ಕೊಡಬೇಡಿ. ಕಂಪನಿಗೆ ನೋವಿರುವುದು ಎಲ್ಲಿ ಎಂದು ಹುಡುಕಿ. ಸರಬರಾಜುದಾರ ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಅದು ನಮ್ಮ 2ಬಿಯಲ್ಲಿ ಬರುವುದಿಲ್ಲ, ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ದುಡ್ಡು ಸಿಕ್ಕಿಕೊಳ್ಳುತ್ತದೆ. ಹಾಗಾಗಿ 2ಬಿ ತಾಳೆ ಮಾಡಿದ ಅನುಭವವಿದ್ದರೆ ಅದೇ ಮೊದಲ ಸಾಲಾಗಲಿ.

‘ಜಿಎಸ್‌ಟಿ ಚೆನ್ನಾಗಿ ಗೊತ್ತು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಜಾಹೀರಾತಿನ ಪದವನ್ನೇ ಎತ್ತಿಕೊಂಡು, ಮಾಡಿದ ಕೆಲಸ ಮತ್ತು ಅದರ ಪ್ರಮಾಣವನ್ನು ಪಕ್ಕದಲ್ಲಿಡಿ. ಸಂಖ್ಯೆ ದೊಡ್ಡದಿರಬೇಕಿಲ್ಲ, ನಿಜವಿರಬೇಕು. ಜಾಹೀರಾತು ಎಸ್‌ಎಪಿ ಕೇಳಿ ನಿಮಗದು ಬಾರದಿದ್ದರೆ ಎಳೆದು ಹೊಂದಿಸಬೇಡಿ. ಸಂದರ್ಶನದ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಹೀಗೆ ಬರೆಯಿರಿ (ಇಂಗ್ಲಿಷಿನಲ್ಲಿ ಕಳಿಸುವುದಾದರೂ ಇದೇ ಅಚ್ಚು):

‘ನಮಸ್ಕಾರ ಮೇಡಂ. ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಹಾಕಿದ್ದೇನೆ. ನೀವು ಕೇಳಿದ್ದರಲ್ಲಿ ಮೂರು ನನ್ನ ಈಗಿನ ಕೆಲಸವೇ ಆಗಿವೆ.
2ಬಿ ತಾಳೆ: ತಿಂಗಳಿಗೆ ಸುಮಾರು 400 ಖರೀದಿ ಬಿಲ್. ಬಾರದ ಬಿಲ್‌ಗಳ ಪಟ್ಟಿ ಮಾಡಿ ಸರಬರಾಜುದಾರರನ್ನು ವಿಚಾರಿಸುತ್ತೇನೆ.
ಟಿಡಿಎಸ್: ಪ್ರತಿ ತಿಂಗಳು 7ರೊಳಗೆ ಪಾವತಿ, ಮೂರು ತಿಂಗಳಿಗೊಮ್ಮೆ ರಿಟರ್ನ್, ಎರಡು ವರ್ಷದಿಂದ.
ಪಾವತಿ: 60 ಸರಬರಾಜುದಾರರ ಲೆಡ್ಜರ್ ತಾಳೆ.
ನೋಟಿಸ್ ಪಿರಿಯಡ್ 30 ದಿನ. ರೆಸ್ಯೂಮೆ ಲಗತ್ತಿಸಿದ್ದೇನೆ.’

ಫೋನಿನ ಒಂದು ಪರದೆಯಲ್ಲಿ ಮುಗಿಯಬೇಕು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಮಾದರಿಗಳನ್ನು ಮುಟ್ಟಲೇಬೇಡಿ. ಒಮ್ಮೆ ಒಂದೇ ದಿನ ಇಬ್ಬರಿಂದ ಅಕ್ಷರಶಃ ಒಂದೇ ಸಂದೇಶ ಬಂತು, ಒಂದರಲ್ಲಿ ಬೇರೆ ಕಂಪನಿಯ ಹೆಸರೂ ಉಳಿದಿತ್ತು. ಇಬ್ಬರನ್ನೂ ಕರೆಯಲಿಲ್ಲ.

ಕಳಿಸುವ ಮುನ್ನ ರೆಸ್ಯೂಮೆ ತೆರೆದು ನೋಡಿ. ಸಂದೇಶದ 400 ಬಿಲ್ ಅಲ್ಲೂ ಇದೆಯೇ, ಯಾವ ಕಂಪನಿಯ ಕೆಲಸದ ಕೆಳಗಿದೆ? ನಾನು ಸಂದೇಶ ಓದಿದ ಕೂಡಲೇ ಹುಡುಕುವುದು ಆ ಸಾಲನ್ನೇ. ಅಲ್ಲಿ ಕಾಣದಿದ್ದರೆ ಮುಂದಿನ ಅರ್ಜಿಗೆ ಹೋಗುತ್ತೇನೆ.

ವಾರ ಕಳೆದರೂ ಉತ್ತರ ಬರದಿದ್ದರೆ, ಅದೇ ಸಂದೇಶದ ಕೆಳಗೆ ಒಂದೇ ಸಾಲಿನಲ್ಲಿ ಒಮ್ಮೆ ನೆನಪಿಸಿ.