ಮೇಲೆ ಒಂದೇ ಸಾಲು, ಕೆಳಗೆ ಮೂರು ಥರದ ಪ್ರೂಫ್: ನಮ್ಮ ಜಿಎಸ್‌ಟಿ ಸಾಫ್ಟ್‌ವೇರ್ ಮೆಸೇಜಿಂಗ್ ಕೊನೆಗೂ ಕೂತಿದ್ದು ಹೇಗೆ

"ಇದು ಫೀಚರ್ ಥರ ಇದೆ ಕಣ್ರೀ, ಕಂಪನಿ ಥರ ಇಲ್ಲ" ಅಂತ ನಮ್ಮ ಹೊಸ ಒನ್‌ಲೈನರ್ ನೋಡಿ, ನಮಗೆ ದುಡ್ಡು ಹಾಕಿದವರಲ್ಲೇ ಒಬ್ಬರು ಮುಖ ಸಿಂಡರಿಸಿದ್ರು. ನನ್ನ ಕೋಫೌಂಡರ್‌ಗೂ ಅದೇ ಡೌಟು. ಆ ಸಾಲು ಹಾಕಿ ಈಗ ಒಂದೂವರೆ ವರ್ಷ ಆಯ್ತು. ಮುಂಚೆ 40 ಡೆಮೋ ಕೊಟ್ರೆ ಮೂರೋ ನಾಲ್ಕೋ ಜನ ದುಡ್ಡು ಕಟ್ತಿದ್ರು, ಈಗ ಹತ್ತು ಹನ್ನೊಂದಕ್ಕೆ ಬಂದು ನಿಂತಿದೆ. ಪ್ರಾಡಕ್ಟ್ ಅದೇ, ರೇಟೂ ಅದೇ. ಅದಕ್ಕೇ ಬರೀತಿದೀನಿ, ಸ್ವಲ್ಪ ಜಂಬ ಅನ್ಸಿದ್ರೆ ಸಹಿಸ್ಕೊಳ್ಳಿ.

ನಮ್ಮದು 2ಬಿ ಮ್ಯಾಚಿಂಗ್ ಸಾಫ್ಟ್‌ವೇರ್. ಪರ್ಚೇಸ್ ರಿಜಿಸ್ಟರ್ ಒಂದ್ಕಡೆ, ಸಪ್ಲೈಯರ್‌ಗಳು ಫೈಲ್ ಮಾಡಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಪ್ರತಿ ತಿಂಗಳು ಮಾಡೋ ಜಿಎಸ್‌ಟಿಆರ್-2ಬಿ ಪಟ್ಟಿ ಇನ್ನೊಂದ್ಕಡೆ, ಯಾವ ಬಿಲ್ ಬಂದಿಲ್ಲ ಅಂತ ತೋರಿಸುತ್ತೆ. ಗಿರಾಕಿಗಳು ಹೆಚ್ಚಾಗಿ ಪೀಣ್ಯ ಮತ್ತೆ ಸುತ್ತಮುತ್ತಲ ಮಷೀನ್ ಶಾಪ್, ಫ್ಯಾಬ್ರಿಕೇಶನ್, ಪ್ಯಾಕೇಜಿಂಗ್ ಯೂನಿಟ್‌ಗಳು. ಕೊಳ್ಳೋ ತೀರ್ಮಾನ ಯಾವತ್ತೂ ಒಬ್ಬರದಲ್ಲ: ದುಡ್ಡು ಕೊಡೋರು ಓನರ್, ದಿನಾ ಬಳಸೋರು ಅಕೌಂಟೆಂಟು, "ಬೇಡ ಬಿಡಿ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋರು ಆಡಿಟರು.

ಮೊದಲನೇ ವರ್ಷ ನಮ್ಮ ಹೋಮ್‌ಪೇಜ್ ಮೇಲೆ "ಎಂಡ್ ಟು ಎಂಡ್ ಕಂಪ್ಲಯನ್ಸ್ ಆಟೋಮೇಶನ್ ಪ್ಲಾಟ್‌ಫಾರ್ಮ್" ಅಂತ ಇತ್ತು. ಇದನ್ನ ಬರೆದುಕೊಡೋಕೆ ಒಂದು ಏಜೆನ್ಸಿಗೆ ಒಂದೂಮುಕ್ಕಾಲು ಲಕ್ಷ ಕೊಟ್ವಿ, ಅದರ ಮೇಲೆ ಎರಡು ತಿಂಗಳು ಆ್ಯಡ್ ಓಡಿಸಿ ಇನ್ನೂ ಮೂರು ಲಕ್ಷದ ಹತ್ರ ಹೋಯ್ತು. ಫೋನ್ ಮಾಡಿದವರಲ್ಲಿ ಅರ್ಧ ಜನ "ಪಿಎಫ್, ಇಎಸ್‌ಐ ಕೂಡ ಮಾಡ್ತೀರಾ" ಅಂತ ಕೇಳೋರು. ತಪ್ಪು ಅವರದ್ದಲ್ಲ, ಕಂಪ್ಲಯನ್ಸ್ ಅಂದ್ರೆ ಫ್ಯಾಕ್ಟರಿಯವರ ತಲೆಗೆ ಬರೋದೇ ಅದು.

ಆಮೇಲೆ ಬುದ್ಧಿ ಬಂತು ಅಂದ್ಕೊಂಡು ಇನ್ನೂ ದೊಡ್ಡ ತಪ್ಪು ಮಾಡಿದ್ವಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬ್ರೋಷರ್. ಓನರ್‌ಗೆ "ಒಬ್ಬ ಅಕೌಂಟೆಂಟ್ ಸಂಬಳ ಉಳಿಸಿ", ಅಕೌಂಟೆಂಟ್‌ಗೆ "ನಿಮ್ಮ ಕೆಲಸ ಅರ್ಧಕ್ಕೆ ಇಳಿಸಿ", ಆಡಿಟರ್‌ಗೆ "ನೋಟಿಸ್ ಭಯ ಬಿಡಿ". ಒಂದೊಂದೇ ಓದಿದ್ರೆ ಚೆನ್ನಾಗೇ ಇತ್ತು. ಒಂದಿನ ಒಂದು ಸಿಎನ್‌ಸಿ ಶಾಪಲ್ಲಿ ಮೂರೂ ಜನ ಒಂದೇ ಟೇಬಲ್‌ಗೆ ಕೂತ್ರು. ಟೀ ಬಂತು, ನಾನು ಲ್ಯಾಪ್‌ಟಾಪ್ ತೆಗೀತಿದ್ದೆ, ಅಷ್ಟರಲ್ಲಿ ಅಕೌಂಟೆಂಟ್ ಮೇಡಮ್ ಓನರ್ ಮುಂದಿದ್ದ ಬ್ರೋಷರ್ ಎಳ್ಕೊಂಡು ಓದಿ ನನ್ನ ಕಡೆ ತಿರುಗಿಸಿದ್ರು. "ಸಾರ್, ಉಳಿಸೋ ಸಂಬಳ ನಂದೇನಾ?" ಅಂದ್ರು. ಓನರ್ ನಕ್ಕರು, ಆಡಿಟರ್ ನಗಲಿಲ್ಲ. ಡೆಮೋ ಅಲ್ಲಿಗೇ ಮುಗೀತು. ಉಳಿದಿದ್ದ ಐನೂರು ಚಿಲ್ಲರೆ ಬ್ರೋಷರ್ ಇನ್ನೂ ಆಫೀಸಲ್ಲಿದೆ, ಹಿಂದುಗಡೆ ಖಾಲಿ ಇದೆ ಅಂತ ರಫ್ ಶೀಟ್ ಮಾಡ್ಕೊಂಡಿದೀವಿ.

ನಾನು ಕಲಿತಿದ್ದು ಅಲ್ಲೇ. ಭರವಸೆ ಒಂದೇ ಇರ್ಬೇಕು, ಮೂರೂ ಜನರ ಮುಂದೆ ಜೋರಾಗಿ ಓದಿದ್ರೂ ಯಾರಿಗೂ ಮುಜುಗರ ಆಗ್ಬಾರ್ದು. ಜನ ಬದಲಾದ್ರೆ ಪ್ರೂಫ್ ಮಾತ್ರ ಬದಲಾಗ್ಬೇಕು.

ಆ ಒಂದು ಸಾಲು ಎಲ್ಲಿಂದ ತರೋದು? ಹಳೇ ಸೇಲ್ಸ್ ಕಾಲ್ ರೆಕಾರ್ಡಿಂಗ್ ಒಂದು 27-28 ಇತ್ತು, ಎರಡು ವೀಕೆಂಡ್ ಕೂತು ಎಲ್ಲಾ ಕೇಳಿದೆ, ನಾವು ಮಾತಾಡಿದ್ದು ಬಿಟ್ಟು ಅವರು ಮಾತಾಡಿದ್ದನ್ನ ಮಾತ್ರ, ಅವರದ್ದೇ ಪದದಲ್ಲಿ ಎಕ್ಸೆಲ್‌ಗೆ ಹಾಕಿದೆ. ಟೈಮ್ ಉಳಿಸ್ಬೇಕು ಅಂದವರು ಇಬ್ಬರೋ ಮೂವರೋ. ಆದ್ರೆ ಹತ್ತೊಂಬತ್ತು ಕಾಲ್‌ಗಳಲ್ಲಿ ಒಂದೇ ಗೋಳು ಬೇರೆ ಬೇರೆ ರೂಪದಲ್ಲಿ ಇತ್ತು: "ದುಡ್ಡು ಕೊಟ್ಟಾಯ್ತಲ್ಲ, ಇನ್ನೆಲ್ಲಿ ಫೋನ್ ಎತ್ತುತ್ತಾನೆ."

ಒಬ್ಬರ ಕಥೆ ಹೇಳ್ತೀನಿ. ಸ್ಟೀಲ್ ತಗೊಂಡಿದ್ರು, ಬಿಲ್ 3,20,000, ಅದರ ಮೇಲೆ 18 ಪರ್ಸೆಂಟ್ ಅಂದ್ರೆ 57,600 ಜಿಎಸ್‌ಟಿ. ಪೂರ್ತಿ 3,77,600 ಕೊಟ್ಬಿಟ್ರು. ಸಪ್ಲೈಯರ್ ತಾನು ಮಾರಿದ ಬಿಲ್‌ಗಳ ಲೆಕ್ಕ, ಅಂದ್ರೆ ಜಿಎಸ್‌ಟಿಆರ್-1, ಫೈಲ್ ಮಾಡ್ಲಿಲ್ಲ, 14ನೇ ತಾರೀಖು 2ಬಿ ಬಂದಾಗ ಬಿಲ್ ಇಲ್ಲ, 20ಕ್ಕೆ ತಿಂಗಳ ಟ್ಯಾಕ್ಸ್ ರಿಟರ್ನ್ 3ಬಿ ಕಟ್ಟೋವಾಗ ಖರೀದಿಗೆ ಕೊಟ್ಟ ಆ ಜಿಎಸ್‌ಟಿಯ ಕ್ರೆಡಿಟ್, ಅಂದ್ರೆ ಐಟಿಸಿ, ತಗೊಳ್ಳೋ ಹಾಗಿಲ್ಲ. 57,600 ಕೈಯಿಂದ ಕಟ್ಟಿದ್ರು. 2022ರ ಜನವರಿಯಿಂದ ರೂಲೇ ಹಾಗೆ, 2ಬಿಯಲ್ಲಿ ಇಲ್ಲ ಅಂದ್ರೆ ಇಲ್ಲ. ಇವರ ಹತ್ರ ಸಪ್ಲೈಯರ್ ಮೇಲೆ ಇದ್ದ ಒಂದೇ ಹಿಡಿತ ಅಂದ್ರೆ ಪೇಮೆಂಟು, ಅದನ್ನೇ ಬಿಟ್ಟುಕೊಟ್ಟಿದ್ರು.

ಅಂದ್ರೆ ಮಾತಾಡ್ಬೇಕಿರೋದು ಫೈಲಿಂಗ್ ಬಗ್ಗೆ ಅಲ್ಲ, ಪೇಮೆಂಟ್ ಬಗ್ಗೆ. ನಾನು ಬರೆದ ಮೊದಲ ಸಾಲು: "ನಿಮ್ಮ ಐಟಿಸಿ ಇನ್ನು ಸಿಕ್ಕಿಹಾಕ್ಕೊಳ್ಳಲ್ಲ." ಒಂದು ತಿಂಗಳು ಓಡ್ತು, ಆಮೇಲೆ ಒಬ್ಬ ಗಿರಾಕಿ ಫೋನ್ ಮಾಡಿ ಬೈದ್ರು, ಸಿಕ್ಕಿಹಾಕ್ಕೊಂಡಿದೆಯಲ್ರೀ ಅಂತ. ಅವರ ಮಾತು ನಿಜ, ಸಪ್ಲೈಯರ್ ಫೈಲ್ ಮಾಡ್ದೇ ಇದ್ರೆ ನಮ್ಮ ಸಾಫ್ಟ್‌ವೇರ್ ಏನು ಮಾಡುತ್ತೆ? ಎರಡನೇದು: "ಸಪ್ಲೈಯರ್ ಜಿಎಸ್‌ಟಿ ಕಟ್ಟಿದ್ದಾನಾ ನೋಡಿ, ಆಮೇಲೆ ದುಡ್ಡು ಕೊಡಿ." ಓನರ್‌ಗಳಿಗೆ ಸಖತ್ ಇಷ್ಟ ಆಯ್ತು. ಒಬ್ಬ ಆಡಿಟರ್ ಹಿಡಿದ್ರು: "2ಬಿಗೆ ಬಂದ್ರೆ ಅವನು ಟ್ಯಾಕ್ಸ್ ಕಟ್ಟಿದ್ದಾನೆ ಅಂತಲ್ಲ ಸ್ವಾಮಿ, ಜಿಎಸ್‌ಟಿಆರ್-1 ಫೈಲ್ ಮಾಡಿದ್ದಾನೆ ಅಂತ ಅಷ್ಟೇ. ಅವನು 3ಬಿ ಹಾಕದೇ ಕೂತ್ರೆ ರೂಲ್ 37ಎ ಪ್ರಕಾರ ತಗೊಂಡ ಕ್ರೆಡಿಟ್ ನಾಳೆ ನೀವು ವಾಪಸ್ ಕಟ್ಬೇಕಾಗುತ್ತೆ." ಅವತ್ತು ರಾತ್ರಿನೇ ತೆಗೆದೆ. ಮೂರನೇದು ನಿಂತಿತು:

"ಸಪ್ಲೈಯರ್‌ಗೆ ದುಡ್ಡು ಹಾಕೋ ಮುಂಚೆ, ಬಿಲ್ 2ಬಿಗೆ ಬಂದಿದೆಯಾ ಗೊತ್ತಾಗುತ್ತೆ."

ಗೊತ್ತಾಗುತ್ತೆ, ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿಲ್ಲ. ಚಿಕ್ಕದಾಯ್ತು ಅಂತ ಬೈಸಿಕೊಂಡಿದ್ದೂ ಈ ಸಾಲಿಗೇ.

ಸಾಲು ಕೂತಿದೆಯಾ ಅಂತ ನೋಡೋಕೆ ನಾನು ಮಾಡೋದು ಇಷ್ಟು: ಗೊತ್ತಿಲ್ಲದ ಹತ್ತು ಓನರ್‌ಗಳಿಗೆ ಫೋನ್, ಸಾಲು ಒಂದೇ ಸಲ ಹೇಳೋದು, ಒಂದೆರಡು ನಿಮಿಷ ಬೇರೆ ವಿಷಯ ಮಾತಾಡೋದು, ಆಮೇಲೆ "ನಮ್ದು ಏನು ಮಾಡುತ್ತೆ ಅಂದೆ?" ಅಂತ ಅವರನ್ನೇ ಕೇಳೋದು. ಪ್ಲಾಟ್‌ಫಾರ್ಮ್ ಸಾಲಿಗೆ ಹತ್ತರಲ್ಲಿ ಒಬ್ಬರೂ ಸರಿಯಾಗಿ ಹೇಳಿರಲಿಲ್ಲ, ಇದಕ್ಕೆ ಏಳು ಜನ ಹೇಳಿದ್ರು. ಆ ಎರಡು ನಿಮಿಷ ಏನು ಮಾತಾಡ್ತೀನಿ ಅನ್ನೋದು ಮಾತ್ರ ಹೇಳಲ್ಲ, ಅದರಿಂದಲೇ ನಮಗೆ ಡೆಮೋ ಬುಕ್ ಆಗೋದು.

ಸಾಲಿನ ಕೆಳಗೆ ಮೂರೇ ಮಾತು ಇಟ್ವಿ. ಯಾವ ಬಿಲ್ ಬಂದಿಲ್ಲ ಅಂತ ಸಪ್ಲೈಯರ್ ಹೆಸರು ಸಮೇತ ಸಿಗುತ್ತೆ, ಟ್ಯಾಲಿ ಬಿಡಬೇಕಾಗಿಲ್ಲ, ಸಪ್ಲೈಯರ್‌ಗೆ ನೆನಪಿನ ಮೆಸೇಜ್ ತಾನಾಗೇ ಹೋಗುತ್ತೆ. ಮುಂಚೆ ಹದಿನಾಲ್ಕಿತ್ತು, ಡೆವಲಪರ್ ಹುಡುಗ್ರಿಗೆ ಬೇಜಾರಾಯ್ತು, ಇರಲಿ.

ಇನ್ನು ಪ್ರೂಫ್. ಇಲ್ಲಿ ನಮ್ಮ ರೂಲ್ ಒಂದೇ: ಟೇಬಲ್ ಮೇಲೆ ಎರಡು ನಿಮಿಷದಲ್ಲಿ ತೋರಿಸೋಕೆ ಆಗ್ಬೇಕು, ಇಲ್ಲಾಂದ್ರೆ ಅದು ಪ್ರೂಫ್ ಅಲ್ಲ. "97 ಪರ್ಸೆಂಟ್ ಮ್ಯಾಚಿಂಗ್" ಅಂತ ಮುಂಚೆ ಹಾಕಿದ್ವಿ, "ಯಾರ ಡೇಟಾದಲ್ಲಿ?" ಅಂತ ಒಬ್ಬರು ಕೇಳಿದ್ದಕ್ಕೆ ಉತ್ತರ ಇರಲಿಲ್ಲ.

ಮೊದಲನೇ ಮಾತನ್ನೇ ತಗೊಳ್ಳಿ. ಓನರ್‌ಗೆ ನಾವು ಸಾಫ್ಟ್‌ವೇರ್ ತೋರಿಸೋದೇ ಇಲ್ಲ, ಅವರದ್ದೇ ಹಿಂದಿನ ತಿಂಗಳ ಡೇಟಾ ಹಾಕಿ ಒಂದು ಪೇಜ್ ಪ್ರಿಂಟ್ ಕೊಡ್ತೀವಿ: ದುಡ್ಡು ಹೋಗಿದೆ, ಬಿಲ್ ಬಂದಿಲ್ಲ, ಐದು ಹೆಸರು, ಎದುರಿಗೆ ಅಮೌಂಟು. ಓನರ್ ಆ ಪೇಜ್ ನೋಡ್ತಾ ಒಂದು ಹೆಸರಿನ ಮೇಲೆ ಬೆರಳಿಟ್ಟು "ಇವನಾ!" ಅಂದ್ರೆ ಅಲ್ಲಿಗೆ ನಮ್ಮ ಕೆಲಸ ಆಯ್ತು. ಅದೇ ಮಾತನ್ನ ಅಕೌಂಟೆಂಟ್‌ಗೆ ಹೇಳೋವಾಗ ಆ ಪೇಜ್ ತೋರಿಸಿದ್ರೆ ಕೆಲಸ ಕೆಡುತ್ತೆ, ಅದು ಅವರ ತಪ್ಪು ಹುಡುಕಿದ ಹಾಗೆ ಕಾಣುತ್ತೆ. ಅವರಿಗೆ ನಂಬರ್ ಗೊಂದಲ ತೋರಿಸ್ತೀವಿ. ಸಪ್ಲೈಯರ್ "ಐಎನ್‌ವಿ/023/24-25" ಅಂತ ಫೈಲ್ ಮಾಡಿರ್ತಾನೆ, ಇವರು ಟ್ಯಾಲಿಯಲ್ಲಿ "23" ಅಂತ ಹಾಕಿರ್ತಾರೆ, ಎಕ್ಸೆಲ್ ವಿಲುಕಪ್ ಎರಡನ್ನೂ ಬೇರೆ ಅನ್ನುತ್ತೆ, ನಮ್ಮದು ಜಿಎಸ್‌ಟಿಐಎನ್, ತಾರೀಖು, ಅಮೌಂಟ್ ಎಲ್ಲಾ ನೋಡಿ ಜೋಡಿ ಮಾಡಿ, ಇದು ಸರೀನಾ ಅಂತ ಅವರನ್ನೇ ಕೇಳುತ್ತೆ. ಕೊನೇ ಓಕೆ ಅವರದ್ದೇ. ಈ "ಅವರನ್ನೇ ಕೇಳುತ್ತೆ" ಅನ್ನೋದನ್ನ ಸೇರಿಸಿದ ಮೇಲೆ ಅಕೌಂಟೆಂಟ್‌ಗಳ ಕಡೆಯಿಂದ ಅಡ್ಡಗಾಲು ತುಂಬಾ ಕಮ್ಮಿ ಆಯ್ತು.

ಆಡಿಟರ್‌ಗೆ ಇನ್ನೊಂದು. ಅವರಿಗೆ ಬೇಕಿರೋದು ಜಾಣತನ ಅಲ್ಲ, ದಾಖಲೆ. ಯಾವ ಬಿಲ್ ಯಾವಾಗ ಕಾಣಿಸ್ತು, ಯಾರು ಓಕೆ ಮಾಡಿದ್ರು, ಯಾವ ತಿಂಗಳ 3ಬಿಯಲ್ಲಿ ತಗೊಂಡ್ರು ಅಂತ ಒಂದು ಶೀಟ್ ಡೌನ್‌ಲೋಡ್ ಮಾಡಿ ಕೈಗೆ ಕೊಡ್ತೀವಿ. ಜೊತೆಗೆ ನಾವು ಏನು ಮಾಡಲ್ಲ ಅನ್ನೋದನ್ನೂ ನಾವೇ ಮೊದಲು ಹೇಳ್ತೀವಿ: ಕ್ಯಾಶ್ ಕೊಟ್ಟು ತಗೊಂಡಿದ್ದಕ್ಕೆ ನಮ್ಮ ಸಾಲು ಅನ್ವಯ ಆಗಲ್ಲ, 37ಎ ರಿಸ್ಕ್ ಹೋಗಲ್ಲ, ಮತ್ತೆ ಸಪ್ಲೈಯರ್ ಸಣ್ಣ ಎಂಎಸ್‌ಎಂಇ ಆಗಿದ್ರೆ 2ಬಿ ಬಂದಿಲ್ಲ ಅಂತ ಇಡೀ ಪೇಮೆಂಟ್ ಹಿಡ್ಕೊಂಡು ಕೂರಬೇಡಿ, ಎಗ್ರಿಮೆಂಟ್ ಇದ್ರೂ 45 ದಿನ ದಾಟಿದ್ರೆ ಇನ್‌ಕಮ್ ಟ್ಯಾಕ್ಸಲ್ಲಿ ಹೊಡೆತ ಬೀಳುತ್ತೆ. ಬೇಸಿಕ್ ಅಮೌಂಟ್ ಕೊಟ್ಟು ಜಿಎಸ್‌ಟಿ ಅಷ್ಟನ್ನೇ ಹೋಲ್ಡ್ ಮಾಡೋ ರೂಢಿ ಎಷ್ಟೋ ಫ್ಯಾಕ್ಟರಿಲಿ ಇದೆ, ಅದಕ್ಕೂ ನಿಮ್ಮ ಆಡಿಟರ್‌ನೇ ಕೇಳಿ ಅಂತೀವಿ. "ನಿಮ್ಮ ಆಡಿಟರ್‌ನೇ ಕೇಳಿ" ಅಂತ ಆಡಿಟರ್ ಎದುರಿಗೇ ಹೇಳಿದ್ರೆ ಅವರ ಮುಖ ಸಡಿಲ ಆಗೋದನ್ನ ನೋಡ್ಬೇಕು.

ನಡುವೆ ಒಂದು ಸೈಡ್ ಪ್ರಯೋಗ. ಅದೇ ಸಾಲನ್ನ ವಾಟ್ಸಾಪಲ್ಲಿ ಇಂಗ್ಲಿಷಲ್ಲೂ ಕನ್ನಡದಲ್ಲೂ ಇನ್ನೂರು ಇನ್ನೂರು ಜನಕ್ಕೆ ಕಳಿಸಿದ್ವಿ. ಓನರ್‌ಗಳಿಂದ ಕನ್ನಡಕ್ಕೆ ಹೆಚ್ಚುಕಮ್ಮಿ ಡಬಲ್ ರಿಪ್ಲೈ. ಅಕೌಂಟೆಂಟ್‌ಗಳು ಉಲ್ಟಾ, "2ಬಿ ಮಿಸ್‌ಮ್ಯಾಚ್" ಅಂತ ಇಂಗ್ಲಿಷಲ್ಲಿದ್ರೇನೇ ನೋಡೋದು. ಇದರಲ್ಲೇ ಗೊತ್ತಾಗಿದ್ದು ಇನ್ನೊಂದು, 18ರಿಂದ 20ರೊಳಗೆ ಕಳಿಸಿದ್ರೆ ಬೈಗುಳ ಗ್ಯಾರಂಟಿ, 3ಬಿ ಬಿಸಿಯಲ್ಲಿರ್ತಾರೆ. ನಾವು ಕಳಿಸೋ ತಾರೀಖು ಯಾವುದು ಅಂತ ಕೇಳ್ಬೇಡಿ.

2024ರ ಅಕ್ಟೋಬರಲ್ಲಿ ಜಿಎಸ್‌ಟಿ ಪೋರ್ಟಲಲ್ಲೇ ಐಎಂಎಸ್ ಅನ್ನೋ ಸೌಲಭ್ಯ ಬಂತು, ಬಿಲ್‌ನ ಆಕ್ಸೆಪ್ಟ್, ರಿಜೆಕ್ಟ್, ಪೆಂಡಿಂಗ್ ಅಂತ ಅಲ್ಲೇ ಒತ್ತಬಹುದು, ಅದೂ ಫ್ರೀ. "ಇನ್ನು ನೀವ್ಯಾಕೆ" ಅಂತ ವಾರಕ್ಕೊಬ್ಬರು ಕೇಳೋಕೆ ಶುರು ಮಾಡಿದ್ರು. ಹಳೇ ಹೋಮ್‌ಪೇಜ್ ಇದ್ದಿದ್ರೆ ಎಲ್ಲಾ ಬರೀಬೇಕಿತ್ತು. ಈಗ ಮೇಲಿನ ಸಾಲು ಮುಟ್ಟಲೇ ಇಲ್ಲ, ಪೋರ್ಟಲ್‌ಗೆ ನಿಮ್ಮ ಪೇಮೆಂಟ್ ಲಿಸ್ಟ್ ಗೊತ್ತಿಲ್ಲವಲ್ಲ. ಎರಡು ಪ್ರೂಫ್ ಮಾತ್ರ ಬದಲಾಯಿಸಿದ್ವಿ, ಅರ್ಧ ದಿನದ ಕೆಲಸ.

ಈ ಪೂರ್ತಿ ಲೆಕ್ಕ ಒಂದೇ ಎಕ್ಸೆಲ್ ಶೀಟಲ್ಲಿದೆ, ಅಡ್ಡಕ್ಕೆ ಜನ, ಉದ್ದಕ್ಕೆ ಮಾತು, ನಡುವೆ ಪ್ರೂಫ್. ಪ್ರೂಫ್ ಇಲ್ಲದ ಮನೆ ಕೆಂಪು. ದೊಡ್ಡ ಕಂಪನಿ ಫೈನಾನ್ಸ್ ಹೆಡ್ ಅಂತ ನಾಲ್ಕನೇ ಕಾಲಂ ಇದೆ. ಅವರು ಕೇಳೋದು ಸರ್ವರ್ ಎಲ್ಲಿದೆ, ಯಾರಿಗೆ ಯಾವ ಪರ್ಮಿಶನ್, ಎಸ್‌ಎಪಿಯಿಂದ ಡೇಟಾ ಹೇಗೆ ಬರುತ್ತೆ. ಟೇಬಲ್ ಮೇಲೆ ತೋರಿಸೋಕೆ ನಮ್ಮ ಹತ್ರ ಇನ್ನೂ ಏನಿಲ್ಲ, ಆ ಕಾಲಂ ಪೂರ್ತಿ ಕೆಂಪಾಗೇ ಇದೆ. ಹೋದ ತಿಂಗಳೂ ಅಂಥ ಒಂದು ಕಡೆಯಿಂದ ಡೆಮೋ ಕೇಳಿದ್ರು, ಆರು ತಿಂಗಳು ಬಿಟ್ಟು ಬರ್ತೀವಿ ಸಾರ್ ಅಂದೆ. ಕೋಫೌಂಡರ್ ಇನ್ನೂ ಸರಿಯಾಗಿ ಮಾತಾಡ್ತಿಲ್ಲ.