ಜರ್ಮೇನಿಯಂ ತುಂಡು, 0.77 ಮತ್ತು ಮೂರು ತಿಂಗಳು: ನನ್ನ ಅನುಭವ

ಡೊಂಬಿವಲಿಯಿಂದ ದಿನಾ ಲೋಕಲ್‌ನಲ್ಲಿ ಬಂದು ಲ್ಯಾಬ್ ನೋಡಿಕೊಳ್ಳುವವನು ನಾನು. ತುಂಡಿನ ಮೇಲೆ ನಾಲ್ಕು ಪಿನ್ನು ಒತ್ತಿ ರೋಧ ಅಳೆಯುವ ಫೋರ್ ಪ್ರೋಬ್ ಪ್ರಯೋಗದಲ್ಲಿ ಜರ್ಮೇನಿಯಂನ ಬ್ಯಾಂಡ್ ಗ್ಯಾಪ್ ನಮ್ಮಲ್ಲಿ ವರ್ಷವರ್ಷವೂ ಪುಸ್ತಕದಲ್ಲಿರುವುದಕ್ಕಿಂತ ಕಡಿಮೆ, 0.5 ಇಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲೇ ಬರುತ್ತಿತ್ತು. 'ಸೆಟ್ ಹಳೇದು, ಬಿಡ್ರಿ' ಎಂದು ಎಲ್ಲರೂ ಬಿಟ್ಟಿದ್ದರು. ನಾನು ಬಿಡಲಿಲ್ಲ.

ಮೊದಲ ತಿಂಗಳು ತಪ್ಪು ಜಾಗದಲ್ಲಿ ಹುಡುಕಿದೆ. ಹೊಸ ಕಾನ್ಸ್ಟಂಟ್ ಕರೆಂಟ್ ಸೋರ್ಸ್ ಬೇಕೆಂದು ಲ್ಯಾಮಿಂಗ್ಟನ್ ರೋಡಿನಲ್ಲಿ ಸುಮಾರು ನಾಲ್ಕು ಸಾವಿರ ಕೊಟ್ಟೆ. ಉತ್ತರ 0.52ರಿಂದ 0.51ಕ್ಕೆ ಬಂತು! ಗ್ಯಾಪ್ ಸಿಗುವುದು ರೋಧದ ಲಾಗ್ ಅನ್ನು 1/Tಗೆ ಎದುರಾಗಿ ಎಳೆದ ಗೆರೆಯ ಇಳಿಜಾರಿನಿಂದ. ಕಾಯಿಸುವಾಗ ಬಂದ ಗೆರೆಯೂ ತಣಿಯುವಾಗ ಬಂದ ಗೆರೆಯೂ ಒಂದರ ಮೇಲೊಂದು ಕೂರುತ್ತಿರಲಿಲ್ಲ, ನಡುವೆ ಹತ್ತು ಹನ್ನೆರಡು ಡಿಗ್ರಿ ಅಂತರ. ಥರ್ಮೋಕಪಲ್ ಓವನ್ನಿನ ಗಾಳಿಯನ್ನು ಅಳೆಯುತ್ತಿತ್ತು, ತುಂಡನ್ನಲ್ಲ. ಅದರ ತುದಿಯನ್ನು ತುಂಡಿನ ಪಕ್ಕಕ್ಕೇ ಒತ್ತಿ ಕೂರಿಸಿ, ಅಳತೆಯನ್ನು ತಣಿಯುವಾಗ ಮಾತ್ರ, ನಿಧಾನವಾಗಿ ತೆಗೆದುಕೊಂಡ ಮೇಲೆ ಅಂತರ ಎರಡು ಡಿಗ್ರಿಗಿಂತ ಕೆಳಗಿಳಿಯಿತು. ಒತ್ತಿ ಹಿಡಿಯಲು ಏನು ಬಳಸಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡನೇ ಕಳ್ಳ ಇನ್ನೂ ಚಿಕ್ಕವನು. ಒಂದು ಸಂಜೆ 150 ಡಿಗ್ರಿಯಲ್ಲಿ ಕರೆಂಟ್ ಬಂದ್ ಮಾಡಿದೆ. ಮೀಟರ್ ಸೊನ್ನೆಗೆ ಹೋಗಲಿಲ್ಲ, 0.3 ಮಿಲಿವೋಲ್ಟ್‌ನಲ್ಲಿ ನಿಂತಿತು. ಒಂದು ಪಿನ್ನು ಇನ್ನೊಂದಕ್ಕಿಂತ ಒಂದೆರಡು ಡಿಗ್ರಿ ಬಿಸಿಯಿದ್ದರೆ ಜರ್ಮೇನಿಯಂ ಅಷ್ಟು ವೋಲ್ಟೇಜ್ ತಾನೇ ಕೊಡುತ್ತದೆ. ಕೋಣೆಯ ಉಷ್ಣತೆಯಲ್ಲಿ 80 ಮಿಲಿವೋಲ್ಟ್ ಓದುವಾಗ ಇದು ಗಮನಕ್ಕೇ ಬರುವುದಿಲ್ಲ. ಆದರೆ 157 ಡಿಗ್ರಿಯಲ್ಲಿ ರೋಧ ಇಪ್ಪತ್ತನೇ ಒಂದು ಪಾಲಿಗೆ ಇಳಿದಿರುತ್ತದೆ, ಓದುವುದು ನಾಲ್ಕೇ ಮಿಲಿವೋಲ್ಟ್. ಅಂದಿನಿಂದ ಪ್ರತಿ ಬಿಂದುವಿನಲ್ಲೂ ಕರೆಂಟ್ ತಿರುಗಿಸಿ ಎರಡು ಸಲ ಓದಿ, ಚಿಹ್ನೆ ಬಿಟ್ಟು ಸರಾಸರಿ ತೆಗೆಯುತ್ತೇನೆ.

ಇಷ್ಟಾದರೂ 0.5 ಅಲ್ಲಾಡಲಿಲ್ಲ. ನಿಜವಾದ ಕಾರಣ ತುಂಡಿನೊಳಗೇ ಇತ್ತು. ನಮ್ಮದು ಎನ್ ಟೈಪ್, ಸುಮಾರು 10 ಓಮ್ ಸೆಂಟಿಮೀಟರ್, ಅಂದರೆ ಘನ ಸೆಂಟಿಮೀಟರಿಗೆ ಹೆಚ್ಚೂಕಡಿಮೆ 1.5×10¹⁴ ದಾನಿ ಪರಮಾಣುಗಳು. 27 ಡಿಗ್ರಿಯಲ್ಲಿ ಜರ್ಮೇನಿಯಂನ ಸ್ವಂತ ವಾಹಕಗಳು 2.4×10¹³ ಮಾತ್ರ. ಅಲ್ಲಿ ಕರೆಂಟ್ ಒಯ್ಯುವುದು ದಾನಿಗಳ ಇಲೆಕ್ಟ್ರಾನು, ಗ್ಯಾಪಿಗೂ ಅದಕ್ಕೂ ಸಂಬಂಧವೇ ಇಲ್ಲ. 67 ಡಿಗ್ರಿಗೆ ಬಂದಾಗ ಸ್ವಂತ ವಾಹಕ ದಾನಿಗಳಿಗೆ ಸರಿಸಮ. 127ರಲ್ಲಿ ಅವು 1.6×10¹⁵, ದಾನಿಗಳ ಹತ್ತು ಪಟ್ಟು.

ಫರ್ಮಿ ಮಟ್ಟವನ್ನು ಲೆಕ್ಕ ಹಾಕಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಸೂತ್ರ ನಿಮಗೆ ಗೊತ್ತಿರುವುದೇ:

```
EF - Ei = kT asinh(N / 2ni)
```

27 ಡಿಗ್ರಿಯಲ್ಲಿ ಅದು ಸ್ವಂತ ಮಟ್ಟಕ್ಕಿಂತ 48 ಮಿಲಿ ಇಲೆಕ್ಟ್ರಾನ್ ವೋಲ್ಟ್ ಮೇಲೆ, 67ರಲ್ಲಿ 12, 127ರಲ್ಲಿ 2ಕ್ಕಿಂತ ಕಡಿಮೆ. ನಾವು ಇಡೀ ಗೆರೆಗೆ ಒಂದೇ ಸ್ಕೇಲ್ ಇಟ್ಟು ಎಳೆಯುತ್ತಿದ್ದೆವು. ಮೊದಲ ನಲವತ್ತು ಡಿಗ್ರಿಯ ಇಳಿಜಾರು ಪ್ರತ್ಯೇಕ ತೆಗೆದರೆ 0.2 ಬರುತ್ತದೆ, ಅದೇ ಇಡೀ ಉತ್ತರವನ್ನು ಕೆಳಗೆಳೆಯುತ್ತಿತ್ತು. 107ರಿಂದ ಮೇಲಿನ ಬಿಂದುಗಳನ್ನಷ್ಟೇ ಇಟ್ಟುಕೊಂಡೆ. 0.74. ಬಿಸಿಯಾದಂತೆ ಮೊಬಿಲಿಟಿ ಇಳಿಯುವುದನ್ನೂ T^(3/2) ಅನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆ 0.77.

ಆಗ ಬೆಳಗಾವಿ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು, 'ಏನ್ರೀ, ಪುಸ್ತಕದಾಗ 0.66 ಐತಿ. ಮೊದಲ ಕಡಿಮೆ ಬರತಿತ್ತು, ಈಗ ಹೆಚ್ಚಾತು, ಅಷ್ಟ' ಅಂದರು. ಅವರ ಮುಂದೆ ಕರಿಹಲಗೆಯ ಮೇಲೆ ಎರಡು ಸಾಲು ಬರೆದೆ. ಗ್ಯಾಪ್ ಸ್ಥಿರವಲ್ಲ, ನಮ್ಮ ಉಷ್ಣತೆಗಳಲ್ಲಿ ಸುಮಾರಾಗಿ ನೇರವಾಗಿ ಇಳಿಯುತ್ತದೆ:

```
Eg = E0 - aT
exp(-Eg/2kT) = exp(a/2k) · exp(-E0/2kT)
```

ಆ a ಇರುವ ಭಾಗದಲ್ಲಿ T ಇಲ್ಲವೇ ಇಲ್ಲ. ಅದು ಗೆರೆಯನ್ನು ಮೇಲೆತ್ತುತ್ತದೆ, ಓರೆ ಮಾಡುವುದಿಲ್ಲ. ಆದ್ದರಿಂದ ಇಳಿಜಾರು ಕೊಡುವುದು ಕೋಣೆಯ ಉಷ್ಣತೆಯ 0.66 ಅಲ್ಲ, ಆ ನೇರ ಗೆರೆಯನ್ನು ಸೊನ್ನೆ ಕೆಲ್ವಿನ್‌ವರೆಗೆ ಎಳೆದರೆ ಸಿಗುವ E0, 0.78ರ ಸುತ್ತ. ನಿಜವಾದ ಸೊನ್ನೆ ಕೆಲ್ವಿನ್ ಗ್ಯಾಪ್ ಸುಮಾರು 0.74, ಏಕೆಂದರೆ ತೀರ ಕೆಳಗೆ ಆ ಇಳಿತ ನೇರವಾಗಿರುವುದಿಲ್ಲ. 0.66 ಬಂತೆಂದು ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವುದು ಎಷ್ಟು ಡಿಗ್ರಿಯಿಂದ ಗೆರೆ ಎಳೆದಿರಿ ಎಂದು. ಹಿರಿಯರು ತುಸು ಹೊತ್ತು ಹಲಗೆ ನೋಡಿ, ತಮ್ಮ ಹಳೆಯ ಜರ್ನಲ್ ತರಿಸಿ, ಮೇಲಿನ ಐದು ಬಿಂದುಗಳನ್ನು ತಾವೇ ಎಳೆದರು. 0.73 ಬಂತು. ಚಹಾ ಅವರದೇ.

ನಡುವೆ ಒಂದು ಒಡೆದ ಸಿಲಿಕಾನ್ ವೇಫರ್ ತುಂಡನ್ನೂ ಇದೇ ಓವನ್ನಿಗೆ ಹಾಕಿದೆ. ಪಿ ಟೈಪ್, ಒಂದೂವರೆ ಓಮ್ ಸೆಂಟಿಮೀಟರಿನದು. 150 ದಾಟಿದರೂ ರೋಧ ಏರುತ್ತಲೇ ಹೋಯಿತು, ತಿರುಗಲೇ ಇಲ್ಲ. ಅದರಲ್ಲಿ 10¹⁶ ಸ್ವೀಕಾರಿಗಳು, ಸ್ವಂತ ವಾಹಕ ಅಲ್ಲಿ 10¹³ರ ಮಟ್ಟದಲ್ಲಷ್ಟೇ. ಫರ್ಮಿ ಮಟ್ಟ ಸ್ವಂತ ಮಟ್ಟದಿಂದ 0.36 ಇಲೆಕ್ಟ್ರಾನ್ ವೋಲ್ಟ್ ಕೆಳಗಿದ್ದದ್ದು 0.23ಕ್ಕೆ ಬಂದಿರುತ್ತದೆ, ದಾರಿ ಇನ್ನೂ ಬಹಳ ಉಳಿದಿದೆ. ನಮ್ಮ ಓವನ್ನಿನಲ್ಲಿ ಟೆಫ್ಲಾನ್ ಇರುವುದರಿಂದ 200 ದಾಟಿಸುವುದಿಲ್ಲ, ಹಾಗಾಗಿ ಸಿಲಿಕಾನಿಗೆ ಬೇರೆ ಹೋಲ್ಡರ್ ಆಗಬೇಕು. ಸೆರಾಮಿಕ್ಕಿನದಕ್ಕೆ ಮೂರು ಸಾವಿರ ಹೇಳಿದ್ದಾರೆ, ಚೌಕಾಸಿ ನಡೆದಿದೆ.